ಬೆಳಿಗ್ಗೆ ಏಳೂಕಾಲಿಗೆ ಹಾಸಿಗೆ: ರಾತ್ರಿ ಬಸ್ಸಿನ ಚಾಲಕರೊಬ್ಬರ ಹಗಲು ನಿದ್ರೆಯ ಪ್ರಕರಣ

ಈ ಪ್ರಕರಣವನ್ನು ಬರೆಯಲು ಚಾಲಕರೂ ಅವರ ಪತ್ನಿಯೂ ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಸಿಗದಂತೆ ವಯಸ್ಸು, ಮನೆಯ ವಿವರ, ಬಸ್ಸಿನ ಸಮಯ ಇವುಗಳನ್ನು ಸ್ವಲ್ಪ ಬದಲಿಸಿದ್ದೇನೆ. ಹೆಸರು ಎಲ್ಲಿಯೂ ಇಲ್ಲ. ನಾನು ಉತ್ತರ ಕರ್ನಾಟಕದ ಒಂದು ಊರಿನಲ್ಲಿ ಸಾಮಾನ್ಯ ವೈದ್ಯನಾಗಿ ಕೆಲಸ ಮಾಡುತ್ತೇನೆ. ಹೆದ್ದಾರಿ ಹತ್ತಿರವಿರುವುದರಿಂದ ಲಾರಿ ಮತ್ತು ಬಸ್ ಚಾಲಕರು ಬೆನ್ನು ನೋವು, ಹೊಟ್ಟೆಯುರಿ, ಸಕ್ಕರೆ ಕಾಯಿಲೆ ಎಂದು ಬರುತ್ತಲೇ ಇರುತ್ತಾರೆ. ನಿದ್ರೆಗಾಗಿ ಬಂದವರು ಕಡಿಮೆ. ಇವರು ಕೂಡ ನಿದ್ರೆಗಾಗಿ ಬಂದವರಲ್ಲ, ಹೊಟ್ಟೆಯುರಿಗೆ ಮಾತ್ರೆ ಕೇಳಲು ಬಂದವರು.

ಹಿನ್ನೆಲೆ

ನಲವತ್ತೆರಡು ವರ್ಷ. ಹತ್ತೊಂಬತ್ತು ವರ್ಷಗಳಿಂದ ಸ್ಟಿಯರಿಂಗ್ ಹಿಡಿದವರು. ಹದಿನೈದು ವರ್ಷ ಹಗಲು ಗಾಡಿ ಓಡಿಸಿ, ನಾಲ್ಕು ವರ್ಷಗಳ ಹಿಂದೆ ಖಾಸಗಿ ಸ್ಲೀಪರ್ ಬಸ್ಸಿಗೆ ಬಂದರು. ಹುಬ್ಬಳ್ಳಿಯಿಂದ ರಾತ್ರಿ ಹತ್ತಕ್ಕೆ ಹೊರಟು ಹಾವೇರಿ, ದಾವಣಗೆರೆ, ಚಿತ್ರದುರ್ಗ, ತುಮಕೂರು ದಾಟಿ ಬೆಳಗಿನ ಜಾವ ಬೆಂಗಳೂರು ತಲುಪುವುದು. ಆ ಹಗಲು ಅಲ್ಲಿ ಮಲಗಿ, ಅಂದೇ ರಾತ್ರಿ ಹತ್ತಕ್ಕೆ ಮರಳಿ ಹೊರಡುವುದು. ಸುಮಾರು 410 ಕಿಲೋಮೀಟರ್, ಚಾಲಕ ಒಬ್ಬರೇ, ಜೊತೆಗೆ ಒಬ್ಬ ಕ್ಲೀನರ್. ಹೀಗೆ ಆರು ರಾತ್ರಿ ಕೆಲಸ, ಏಳನೆಯ ರಾತ್ರಿ ರಜೆ. ಅಂದರೆ ವಾರದಲ್ಲಿ ಮೂರು ಹಗಲು ಬೆಂಗಳೂರಿನಲ್ಲಿ ಮಲಗಬೇಕು, ಮೂರು ಹಗಲು ಸ್ವಂತ ಮನೆಯಲ್ಲಿ.

ಹೊಟ್ಟೆಯುರಿಯ ಬಗ್ಗೆ ಕೇಳುತ್ತಾ ರಾತ್ರಿ ಎಷ್ಟು ಚಹಾ ಕುಡಿಯುತ್ತೀರಿ ಎಂದೆ. ಆರೇಳು ಎಂದರು. ಕೊನೆಯದು ಎಷ್ಟು ಹೊತ್ತಿಗೆ ಎಂದಾಗ, "ತುಮಕೂರು ದಾಟುವ ಮುಂಚೆ ಒಂದು ಬೇಕೇ ಬೇಕು ಡಾಕ್ಟರೇ, ಇಲ್ಲದಿದ್ದರೆ ರಸ್ತೆ ಕಾಣುವುದಿಲ್ಲ" ಎಂದರು. ರಸ್ತೆ ಕಾಣುವುದಿಲ್ಲ ಎಂದರೇನು ಎಂದು ಮತ್ತೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಪಕ್ಕದಲ್ಲಿ ಕುಳಿತ ಹೆಂಡತಿಯ ಮುಖ ನೋಡಿ, ಅದುವರೆಗೆ ಮನೆಯಲ್ಲಿ ಹೇಳದ ಸಂಗತಿಯನ್ನು ಹೇಳಿದರು.

ಮೂರು ವಾರಗಳ ಹಿಂದೆ, ಬೆಳಗಿನ ಜಾವ ಮೂರೂಕಾಲರ ಆಸುಪಾಸು, ಹಿರಿಯೂರು ಮತ್ತು ಶಿರಾದ ನಡುವೆ. ರಸ್ತೆ ನೇರ, ಎದುರು ವಾಹನವಿಲ್ಲ. ಕ್ಲೀನರ್ ಹುಡುಗ "ಅಣ್ಣಾ!" ಎಂದು ತೋಳು ಹಿಡಿದು ಎಳೆದಾಗ ಎಡ ಚಕ್ರಗಳು ಡಾಂಬರು ಬಿಟ್ಟು ಮಣ್ಣಿನಲ್ಲಿ ಓಡುತ್ತಿದ್ದವು. ಮೂವತ್ತು ಜನ ಹಿಂದೆ ಮಲಗಿದ್ದರು. ಯಾರಿಗೂ ಎಚ್ಚರವಾಗಲಿಲ್ಲ. "ನಾನು ತೂಕಡಿಸಲಿಲ್ಲ, ಕಣ್ಣು ತೆರೆದೇ ಇತ್ತು. ಆದರೆ ಅದಕ್ಕೂ ಮುಂಚಿನ ಟೋಲ್ ದಾಟಿದ್ದು ನೆನಪಿಲ್ಲ. ಹಣ ಕಟ್ಟಾಗಿದೆ, ಗೇಟು ತೆಗೆದಿದ್ದಾರೆ, ನಾನೇ ದಾಟಿಸಿದ್ದೇನೆ. ನೆನಪು ಮಾತ್ರ ಇಲ್ಲ."

ಇದನ್ನು ಕೇಳಿದ ಮೇಲೆ ಹೊಟ್ಟೆಯುರಿಯ ಮಾತ್ರೆ ಹಿಂದಕ್ಕೆ ಸರಿಯಿತು. ನಿದ್ರೆ ಕೊರತೆಯಾದ ಮಿದುಳು ಕೆಲವು ಕ್ಷಣಗಳ ಮಟ್ಟಿಗೆ ಮುಚ್ಚಿಕೊಂಡುಬಿಡುತ್ತದೆ. ಕಣ್ಣು ತೆರೆದೇ ಇರಬಹುದು, ಕೈ ಸ್ಟಿಯರಿಂಗ್ ಮೇಲೆಯೇ ಇರಬಹುದು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬಸ್ಸು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ನಾಲ್ಕು ಸೆಕೆಂಡು ಮಿದುಳು ಇಲ್ಲದಿದ್ದರೆ ಸುಮಾರು 90 ಮೀಟರ್ ಬಸ್ಸನ್ನು ಯಾರೂ ಓಡಿಸಿರುವುದಿಲ್ಲ. ನಡುವೆ ಬರುವ ಟೋಲ್, ಸೇತುವೆ, ಊರಿನ ಫಲಕ ನೆನಪಿನಲ್ಲಿ ಉಳಿಯದಿರುವುದು ಇದರ ಮೊದಲ ಗುರುತು. ಚಾಲಕರನ್ನು ನಾನು ಈಗ "ತೂಕಡಿಕೆ ಬರುತ್ತದೆಯೇ" ಎಂದು ಕೇಳುವುದಿಲ್ಲ, ಎಲ್ಲರೂ ಇಲ್ಲ ಎನ್ನುತ್ತಾರೆ. "ದಾಟಿದ ಊರು ಯಾವುದಾದರೂ ನೆನಪಿಲ್ಲದೆ ಹೋಗಿದೆಯೇ" ಎಂದು ಕೇಳುತ್ತೇನೆ.

ಮೊದಲು ತಳ್ಳಿಹಾಕಬೇಕಾದದ್ದು

ಹಗಲು ನಿದ್ರೆಯ ಲೆಕ್ಕಕ್ಕೆ ಹೋಗುವ ಮುನ್ನ ಒಂದು ಪ್ರಶ್ನೆಗೆ ಉತ್ತರ ಬೇಕಿತ್ತು: ಇವರಿಗೆ ನಿದ್ರೆಯೇ ಸಾಲುತ್ತಿಲ್ಲವೋ, ಅಥವಾ ಮಲಗಿದಷ್ಟು ಹೊತ್ತೂ ಉಸಿರು ಕಟ್ಟಿ ನಿದ್ರೆ ಕೆಡುತ್ತಿದೆಯೋ? ಗಂಟೆಗಟ್ಟಲೆ ಕುಳಿತು ಹೊಟ್ಟೆ ಬೆಳೆಸಿಕೊಂಡ ಚಾಲಕರಲ್ಲಿ ಎರಡನೆಯದು ಸಾಮಾನ್ಯ. ಕತ್ತಿನ ಸುತ್ತಳತೆ ತೆಗೆದೆ: 38 ಸೆಂಟಿಮೀಟರ್. ಗಂಡಸರಲ್ಲಿ ನಲವತ್ತು ದಾಟಿದರೆ ಅನುಮಾನ ಹೆಚ್ಚು. ರಕ್ತದೊತ್ತಡ ಸರಿಯಿತ್ತು. ಗೊರಕೆಯ ಬಗ್ಗೆ ಹೆಂಡತಿಯನ್ನೇ ಕೇಳಿದೆ. "ಗೊರಕೆ ಹೊಡೆಯುತ್ತಾರೆ, ಆದರೆ ನಡುವೆ ಉಸಿರು ನಿಂತದ್ದನ್ನು ನೋಡಿಲ್ಲ" ಎಂದರು. ಆಕೆಯ ಮಾತಿನ ಮೇಲೆ ನನಗೆ ನಂಬಿಕೆ ಬಂತು. ರಜೆಯ ರಾತ್ರಿ ಎಂಟು ಗಂಟೆ ಮಲಗಿ ಎದ್ದಾಗ ಅವರು ಲವಲವಿಕೆಯಿಂದ ಇರುತ್ತಾರೆ ಎಂಬ ಅಂಶವೂ ಅದಕ್ಕೆ ಕೂಡಿಬಂತು. ಉಸಿರು ಕಟ್ಟುವ ಕಾಯಿಲೆಯಿದ್ದವರು ಸಾಮಾನ್ಯವಾಗಿ ಎಂಟು ಗಂಟೆ ಮಲಗಿದರೂ ದಣಿದೇ ಏಳುತ್ತಾರೆ. ಈ ಒಂದು ಸುಳಿವು ಇಲ್ಲದಿದ್ದರೆ ನಾನು ಅವರನ್ನು ನಿದ್ರಾ ಪರೀಕ್ಷೆಗೆ ಕಳುಹಿಸುತ್ತಿದ್ದೆ.

ನಿದ್ರೆ ಮಾತ್ರೆ ಕೊಡಿ ಎಂದು ಕೇಳಿದರು. ಆಗಲೇ ಜೊತೆಗಾರರ ಮಾತು ಕೇಳಿ ಔಷಧ ಅಂಗಡಿಯಿಂದ ಶೀತದ ಮಾತ್ರೆ ತಂದು ಬೆಳಿಗ್ಗೆ ನುಂಗುತ್ತಿದ್ದರು. ಶೀತದ ಹಳೆಯ ಕಾಲದ ಮಾತ್ರೆಗಳ ಮಂಪರು ಮೈಯಿಂದ ಇಳಿಯಲು ತುಂಬಾ ಹೊತ್ತು ಬೇಕು. ಬೆಳಿಗ್ಗೆ ನುಂಗಿದ್ದರ ಪಾಲು ರಾತ್ರಿ ಹೊರಡುವಾಗಲೂ ಒಳಗಿರುತ್ತದೆ. ಮಾತ್ರೆಯಿಂದ ಬಂದ ಮಂಪರು ಮತ್ತು ನಿದ್ರೆ ಕೆಟ್ಟು ಬಂದ ಮಂಪರು ಎರಡೂ ಬೆಳಗಿನ ಜಾವ ಮೂರಕ್ಕೆ ಒಂದೇ ಸ್ಟಿಯರಿಂಗ್ ಮೇಲೆ ಸೇರುತ್ತವೆ. ಅದನ್ನು ಅಂದೇ ನಿಲ್ಲಿಸಿದೆ, ಬೇರೆ ಯಾವುದನ್ನೂ ಕೊಡಲಿಲ್ಲ. ಹೆಂಡತಿಗೆ ಮಾತ್ರ ಒಂದು ಕೆಲಸ ಕೊಟ್ಟೆ: ಮಗಳ ಹಳೆಯ ಶಾಲಾ ನೋಟುಪುಸ್ತಕದಲ್ಲಿ ಎರಡು ವಾರ ಪ್ರತಿದಿನ ನಾಲ್ಕು ಸಾಲು ಬರೆಯುವುದು. ಮನೆಗೆ ಬಂದದ್ದು ಎಷ್ಟು ಗಂಟೆಗೆ, ಮಲಗಿದ್ದು ಎಷ್ಟಕ್ಕೆ, ಎದ್ದದ್ದು ಎಷ್ಟಕ್ಕೆ, ಎಬ್ಬಿಸಿದ್ದು ಏನು. ಬೆಂಗಳೂರಿನ ಹಗಲಿನ ಲೆಕ್ಕವನ್ನು ಅವರು ಎದ್ದ ಕೂಡಲೇ ಫೋನು ಮಾಡಿ ಹೇಳಬೇಕು, ಆಕೆ ಬರೆದುಕೊಳ್ಳಬೇಕು.

ನೋಟುಪುಸ್ತಕ ಹೇಳಿದ್ದು

ಎರಡು ವಾರದ ಹಿಂದೆ ಅವರು ನನಗೆ ಕೊಟ್ಟ ವಿವರಣೆ ಹೀಗಿತ್ತು: ಬೆಂಗಳೂರಿನ ಕೋಣೆ ನರಕ, ಮನೆಯಲ್ಲಾದರೆ ಸ್ವಲ್ಪ ನೆಮ್ಮದಿ. ಬಸ್ ಕಚೇರಿಯ ಹಿಂದಿನ ಪಾರ್ಸೆಲ್ ಗೋದಾಮಿನ ಒಂದು ಮೂಲೆ ಅದು. ಕಿಟಕಿಯಿಲ್ಲ, ನಾಲ್ಕು ಕಬ್ಬಿಣದ ಮಂಚ, ತಿಗಣೆ, ಹೊರಗೆ ಗಾಡಿಗಳ ಸದ್ದು. ಅಲ್ಲಿ ಮಲಗಲಾಗದೆ ನಿದ್ರೆ ಕೆಡುತ್ತಿದೆ ಎಂಬುದು ಅವರ ದೃಢ ನಂಬಿಕೆ. ನಾನೂ ಹಾಗೆಯೇ ಊಹಿಸಿದ್ದೆ.

ಪುಸ್ತಕ ತೆರೆದಾಗ ಲೆಕ್ಕ ಉಲ್ಟಾ ಇತ್ತು. ಬೆಂಗಳೂರಿನ ಆರು ಹಗಲುಗಳಲ್ಲಿ ಸರಾಸರಿ ನಾಲ್ಕು ಗಂಟೆ ನಲವತ್ತು ನಿಮಿಷ ಮಲಗಿದ್ದರು. ಮನೆಯ ಆರು ಹಗಲುಗಳಲ್ಲಿ ಎರಡು ಗಂಟೆ ಐವತ್ತು ನಿಮಿಷ. ಮಣ್ಣಿಗೆ ಇಳಿದ ಆ ರಾತ್ರಿ ಬಸ್ಸು ಬೆಂಗಳೂರಿನ ಕಡೆಗೆ ಹೋಗುತ್ತಿತ್ತು, ಅಂದರೆ ಮನೆಯಲ್ಲಿ ಮಲಗಿ ಎದ್ದು ಹೊರಟ ರಾತ್ರಿ ಅದು.

ಇದು ಈ ಪ್ರಕರಣದ ದೊಡ್ಡ ತಿರುವು. ಮೂವರೂ ಪುಸ್ತಕದ ಮೇಲೆ ಬಾಗಿ ಕುಳಿತು ಎರಡು ಊರುಗಳ ಬೆಳಗನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದೆವು. ಬೆಂಗಳೂರಿನಲ್ಲಿ ಬಸ್ಸು ನಿಲ್ಲಿಸಿ, ಟ್ರಿಪ್ ಶೀಟ್ ಕೊಟ್ಟು, ಗೋದಾಮಿನೊಳಗೆ ನುಸುಳಿ ಆರೂಮುಕ್ಕಾಲಕ್ಕೆ ಮಂಚಕ್ಕೆ ಬೀಳುತ್ತಿದ್ದರು. ಮಾತನಾಡಿಸುವವರು ಯಾರೂ ಇಲ್ಲ, ಮಾಡಲು ಬೇರೆ ಕೆಲಸವಿಲ್ಲ. ಮನೆಯಲ್ಲಿ ಏಳಕ್ಕೆ ಬಂದರೆ ಸ್ನಾನ, ಉಪ್ಪಿಟ್ಟು, ತಾಯಿಯೊಡನೆ ಮಾತು, ಎಂಟೂವರೆಗೆ ಮಗಳನ್ನು ಶಾಲೆಗೆ ಬಿಡುವುದು, ಬರುವಾಗ ಸಂತೆ, ಅಂಗಳದಲ್ಲಿ ಕುಳಿತು ಪತ್ರಿಕೆ. ಹಾಸಿಗೆಗೆ ಬರುವಾಗ ಹತ್ತು. ಮಧ್ಯಾಹ್ನ ಒಂದರ ಹೊತ್ತಿಗೆ ಎದ್ದುಬಿಡುತ್ತಿದ್ದರು. ಏಕೆ ಎಂದು ಹೆಂಡತಿ ಬರೆದ ಸಾಲುಗಳು: "ಸೆಕೆ." "ತರಕಾರಿಯವನು." "ಏನೂ ಇಲ್ಲ, ಎಚ್ಚರವಾಯಿತು." ಈ ಮೂರನೆಯದು ಆರರಲ್ಲಿ ನಾಲ್ಕು ದಿನ ಇತ್ತು.

ಏನೂ ಇಲ್ಲದೆ ಏಕೆ ಎಚ್ಚರವಾಗುತ್ತದೆ? ಮೈಯ ಬಿಸಿ ದಿನವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಬೆಳಗಿನ ಜಾವ ನಾಲ್ಕೈದರ ಸುಮಾರಿಗೆ ಅದು ತಳ ಮುಟ್ಟುತ್ತದೆ, ನಂತರ ಏರುತ್ತಾ ಸಂಜೆಗೆ ತುದಿಗೆ ಬರುತ್ತದೆ. ಬಿಸಿ ಇಳಿದಿರುವಾಗ ನಿದ್ರೆ ಸುಲಭವಾಗಿ ಬರುತ್ತದೆ, ಉಳಿಯುತ್ತದೆ. ಏರಿದಂತೆ ಮೈ ತಾನಾಗಿಯೇ ಎಬ್ಬಿಸುತ್ತದೆ. ರಾತ್ರಿಯಿಡೀ ಎಚ್ಚರವಿದ್ದವರಿಗೆ ಬೆಳಗಿನ ಏಳಕ್ಕೆ ದಣಿವಿನ ಭಾರ ಜಾಸ್ತಿ, ಬಿಸಿಯ ಏರಿಕೆ ಇನ್ನೂ ಆರಂಭದಲ್ಲಿದೆ. ಅದೇ ಹೊತ್ತಿಗೆ ಮಲಗಿದರೆ ನಾಲ್ಕೈದು ಗಂಟೆ ದಕ್ಕುತ್ತದೆ. ಹತ್ತಕ್ಕೆ ಮಲಗಿದವರಿಗೆ ದಣಿವು ಅಷ್ಟೇ ಇದ್ದರೂ, ಮೈ ಅರ್ಧ ಬೆಟ್ಟ ಹತ್ತಿಬಿಟ್ಟಿರುತ್ತದೆ. ಅದರ ಮೇಲೆ ಏಳರಿಂದ ಹತ್ತರವರೆಗಿನ ಬಿಸಿಲು. ಕಣ್ಣಿಗೆ ಬಿದ್ದ ಬೆಳಗಿನ ಬೆಳಕು ಮಿದುಳಿನ ಗಡಿಯಾರಕ್ಕೆ "ದಿನ ಶುರುವಾಯಿತು" ಎಂದು ಹೇಳುತ್ತದೆ, ನಿದ್ರೆಯ ರಾಸಾಯನಿಕವಾದ ಮೆಲಟೋನಿನ್ ಅನ್ನು ಅಡಗಿಸುತ್ತದೆ. ಸ್ಕೂಟರ್ ಮೇಲೆ ಶಾಲೆ, ಸಂತೆ ಸುತ್ತಿ, ಅಂಗಳದಲ್ಲಿ ಪತ್ರಿಕೆ ಓದಿದ ಮನುಷ್ಯ ಮೂರು ಗಂಟೆ ಕಾಲ ತನ್ನ ಮಿದುಳಿಗೆ ಈ ಮಾತನ್ನೇ ಹೇಳಿಸಿಕೊಂಡಿರುತ್ತಾನೆ.

ತಿಗಣೆಯ ಮಂಚ ಗೆದ್ದದ್ದು ಹೀಗೆ. ಅಲ್ಲಿ ಅವರು ಸರಿಯಾದ ಹೊತ್ತಿಗೆ ಮಲಗುತ್ತಿದ್ದರು, ಮತ್ತು ಆ ಕೋಣೆಗೆ ಕಿಟಕಿ ಇರಲಿಲ್ಲ.

ಇದನ್ನು ಹೇಳಿದಾಗ ಅವರು ಒಪ್ಪಲಿಲ್ಲ. ಒಪ್ಪದಿರಲು ಕಾರಣ ಬಹಳ ಸರಳವಾಗಿತ್ತು, ನನಗೆ ನೋವೂ ಆಯಿತು. "ಮಗಳನ್ನು ಶಾಲೆಗೆ ಬಿಡುವ ಹತ್ತು ನಿಮಿಷವೇ ನಾನು ಅವಳೊಡನೆ ಇರುವುದು ಡಾಕ್ಟರೇ. ಅದನ್ನೂ ಬಿಡು ಎನ್ನುತ್ತೀರಾ?" ಎಂದರು. ಬಿಡಿ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಮಾತಿಗೆ ದಾರಿ ತೆಗೆದದ್ದು ಹೆಂಡತಿ. ಸಂಜೆ ನಾಲ್ಕೂವರೆಗೆ ಶಾಲೆ ಬಿಡುತ್ತದೆ, ಕರೆತರುವ ಕೆಲಸ ಅಪ್ಪನದಾಗಲಿ, ಬೆಳಿಗ್ಗೆ ತಾನು ಬಿಡುತ್ತೇನೆ ಎಂದರು. ಈ ಅದಲುಬದಲು ಆಗದೆ ಇದ್ದಿದ್ದರೆ ಮುಂದಿನ ಯಾವ ಉಪಾಯವೂ ಒಂದು ವಾರದಾಚೆ ನಿಲ್ಲುತ್ತಿರಲಿಲ್ಲ ಎಂದು ನನಗೆ ಈಗಲೂ ಅನಿಸುತ್ತದೆ.

ಕತ್ತಲೆ ಮಾಡಲು ಹೋಗಿ

ಮನೆ ಚಿಕ್ಕದು. ಮುಂದಿನ ಕೋಣೆಗೆ ಸಿಮೆಂಟ್ ಶೀಟಿನ ಮಾಡು, ಪೂರ್ವಕ್ಕೆ ಕಿಟಕಿ. ಅವರು ಮಲಗುತ್ತಿದ್ದದ್ದು ಅಲ್ಲಿ. ಕತ್ತಲೆ ಮಾಡಬೇಕು ಎಂದ ಕೂಡಲೇ ಅವರ ತಾಯಿ ಪೆಟ್ಟಿಗೆಯಿಂದ ಎರಡು ಕರಿ ಕಂಬಳಿ ತೆಗೆದುಕೊಟ್ಟರು. ಕೈಮಗ್ಗದ ಕುರಿ ಉಣ್ಣೆಯ ಕಂಬಳಿಗಿಂತ ಬೆಳಕು ತಡೆಯುವ ಪರದೆಯನ್ನು ಅಂಗಡಿಯಲ್ಲಿ ಹುಡುಕುವುದು ಕಷ್ಟ. ಒಂದನ್ನು ಕಿಟಕಿಗೆ, ಒಂದನ್ನು ಬಾಗಿಲಿಗೆ ಇಳಿಬಿಟ್ಟರು. ಶೀಟು ಮತ್ತು ಗೋಡೆಯ ನಡುವಿನ ಸಂದಿಗೆ ಹಳೆಯ ಬಟ್ಟೆ ತುರುಕಿದರು. ಕತ್ತಲೆ ಸಾಕೇ ಎಂದು ತಿಳಿಯಲು ನಾನೊಂದು ಪರೀಕ್ಷೆ ಹೇಳಿದ್ದೆ: ನಡು ಮಧ್ಯಾಹ್ನ ಒಳಗೆ ಹೋಗಿ ಬಾಗಿಲು ಮುಚ್ಚಿ ಐದು ನಿಮಿಷ ಕುಳಿತು, ಕೈಯನ್ನು ಮುಂದೆ ಚಾಚಬೇಕು. ಬೆರಳು ಎಣಿಸಲು ಬಂದರೆ ಸಾಲದು. ಅವರ ಕೋಣೆ ಪಾಸಾಯಿತು.

ಏಳೂಕಾಲಿಗೆ ಮಲಗಿದರು. ಒಂಬತ್ತೂವರೆಗೆ ಬೆವರಿನಲ್ಲಿ ತೋಯ್ದು ಎದ್ದರು. ಮರುದಿನದ ಸರದಿಯಲ್ಲೂ ಅದೇ. ತಿಂಗಳು ಏಪ್ರಿಲ್.

ಇದರಲ್ಲಿ ತಪ್ಪು ನನ್ನದು. ಬೆಳಕಿನ ಬಗ್ಗೆ ಮಾತ್ರ ಯೋಚಿಸಿ, ಗಾಳಿಯ ದಾರಿಯನ್ನೂ ಮುಚ್ಚಿಸಿದ್ದೆ. ನಿದ್ರೆ ಬರಲು, ಉಳಿಯಲು ಮೈ ತನ್ನ ಬಿಸಿಯನ್ನು ಹೊರಗೆ ಬಿಡಬೇಕು. ಮೇಲಿನ ಶೀಟು ಕಾದು ಕೋಣೆಯೇ ಮೈಗಿಂತ ಬಿಸಿಯಾದರೆ ಬಿಡುವುದೆಲ್ಲಿಗೆ? ಆ ವಾರ ನಾನು ಅವರ ಮನೆಗೇ ಹೋದೆ. ಹೋಗಿ ನೋಡಿದ್ದರಿಂದ ಗೊತ್ತಾಯಿತು, ಅಡುಗೆಮನೆಯ ಪಕ್ಕದಲ್ಲಿ ಕಾಳುಕಡಿ ಇಡುವ ಒಂದು ನಡುಕೋಣೆ ಇದೆ. ಅದರ ಯಾವ ಗೋಡೆಯೂ ಬಿಸಿಲಿಗೆ ತೆರೆದಿಲ್ಲ, ಮೇಲೆ ಹಳೆಯ ಮಣ್ಣಿನ ಮಾಳಿಗೆ, ನೆಲಕ್ಕೆ ಕಲ್ಲುಚಪ್ಪಡಿ. ಬೆಳಕು ಬರುವುದು ಎತ್ತರದ ಒಂದು ಗವಾಕ್ಷಿಯಿಂದ ಮಾತ್ರ. ಕಾಲಿಟ್ಟ ಕೂಡಲೇ ತಣ್ಣಗೆನಿಸಿತು. ಮೂರು ಜೋಳದ ಚೀಲ ಹೊರಗೆ ಬಂದವು, ಹಾಸಿಗೆ ಒಳಗೆ ಹೋಯಿತು.

ಗವಾಕ್ಷಿಯನ್ನು ಮುಚ್ಚಿದರೆ ಮತ್ತೆ ಉಸಿರು ಕಟ್ಟುವ ಕೋಣೆ. ಅದಕ್ಕೆ ಚಾಲಕರೇ ಒಂದು ಉಪಾಯ ಮಾಡಿದರು. ದಪ್ಪ ರಟ್ಟಿನ ಪೆಟ್ಟಿಗೆಯನ್ನು ಕತ್ತರಿಸಿ, ಮೊಣಕೈಯಂತೆ ಬಾಗಿದ ಕೊಳವೆ ಮಾಡಿ, ಒಳಭಾಗಕ್ಕೆ ಮಸಿ ಬಳಿದು ಗವಾಕ್ಷಿಗೆ ಕೂರಿಸಿದರು. ಬೆಳಕು ನೇರವಾಗಿ ಬಂದು ಮೊದಲ ತಿರುವಿನಲ್ಲಿ ಮಸಿಗೆ ಬಡಿದು ಸಾಯುತ್ತದೆ, ಗಾಳಿ ತಿರುಗಿಕೊಂಡು ಒಳಗೆ ಬರುತ್ತದೆ. ಇಂಜಿನ್ನಿನ ಹೊಗೆ ಕೊಳವೆ ನೋಡಿ ಹೊಳೆಯಿತಂತೆ. ಬಾಗಿಲ ಕೆಳಗಿನ ಸಂದಿಗೆ ಸುತ್ತಿದ ಗೋಣಿಚೀಲ. ಬೀಸಣಿಗೆಯ ಗಾಳಿ ಇಷ್ಟವಿದ್ದದ್ದಕ್ಕಿಂತ, ಅದರ ಒಂದೇ ಸಮನೆಯ ಗುಂಯ್ ಸದ್ದು ಅಡುಗೆಮನೆಯ ಪಾತ್ರೆ ಸದ್ದನ್ನು ನುಂಗಿದ್ದು ಹೆಚ್ಚು ಉಪಯೋಗವಾಯಿತು.

ಚಾಲಕರ ಆಸನದಿಂದ ಹಾಸಿಗೆಯವರೆಗೆ

ನನ್ನ ಎರಡನೆಯ ತಪ್ಪು ಇನ್ನೂ ಗಂಭೀರವಾದದ್ದು. ಬಸ್ ನಿಲ್ಲಿಸಿದ ಜಾಗದಿಂದ ಮನೆಗೆ ಆರು ಕಿಲೋಮೀಟರ್, ಪೂರ್ವಕ್ಕೆ ಮುಖಮಾಡಿ ಸ್ಕೂಟರಿನಲ್ಲಿ ಬರುತ್ತಿದ್ದರು. ಆ ಬೆಳಕು ಕಣ್ಣಿಗೆ ಬೀಳದಿರಲಿ ಎಂದು ಕಪ್ಪು ಕನ್ನಡಕ ಹಾಕಿಕೊಳ್ಳಲು ಹೇಳಿದೆ. ಇದು ಪಾಳಿ ಕೆಲಸಗಾರರಿಗೆ ಕೊಡುವ ಹಳೆಯ ಸಲಹೆ. ಮೂರನೆಯ ದಿನ ಸ್ಕೂಟರಿನ ಮೇಲೆಯೇ ಕಣ್ಣು ಮುಚ್ಚಿಹೋಗಿ, ನಿಂತಿದ್ದ ಟಂಟಂ ಗಾಡಿಗೆ ತಾಗಿದರು. ಮೊಣಕಾಲು ತರಚಿತು, ಅಷ್ಟರಲ್ಲಿ ಮುಗಿಯಿತು. ನಿದ್ರೆಗೆ ಅಡ್ಡಿಯಾಗುವ ಆ ಬೆಳಕೇ ದಾರಿಯಲ್ಲಿ ಅವರನ್ನು ಎಚ್ಚರವಿಡುತ್ತಿತ್ತು ಎಂಬುದನ್ನು ನಾನು ಮರೆತಿದ್ದೆ. ಕಪ್ಪು ಕನ್ನಡಕ ಹಾಕಬಹುದಾದವರು ಹಿಂದೆ ಕುಳಿತು ಬರುವವರು ಮಾತ್ರ. ಅಂದಿನಿಂದ ಅವರ ಹೆಂಡತಿಯ ತಮ್ಮ ಹಾಲಿನ ಕೆಲಸಕ್ಕೆ ಹೋಗುವಾಗ ಅವರನ್ನು ಕೂರಿಸಿಕೊಂಡು ಬರುತ್ತಾನೆ, ಅವನಿಲ್ಲದ ದಿನ ಆಟೋ. ಕನ್ನಡಕ, ಟೋಪಿ ಎರಡೂ ಹಿಂದಿನ ಸೀಟಿನಲ್ಲಿ.

ಮನೆಗೆ ಬಂದ ಮೇಲೆ ಬಿಸಿ ನೀರಿನ ಸ್ನಾನ ಉಳಿಯಿತು, ಉಪ್ಪಿಟ್ಟು ಅರ್ಧ ತಟ್ಟೆಗೆ ಇಳಿಯಿತು. ಮೊಬೈಲ್ ಹೆಂಡತಿಯ ಸೊಂಟದ ಚೀಲಕ್ಕೆ. ಕಚೇರಿಯಿಂದ ಹನ್ನೊಂದಕ್ಕೆ ಡೀಸೆಲ್ ಲೆಕ್ಕ ಕೇಳಿ ಫೋನು ಬರುತ್ತಿತ್ತು. ಆ ಲೆಕ್ಕವನ್ನು ಇಳಿಯುವ ಮುನ್ನವೇ ಬರೆದುಕೊಟ್ಟು ಬರುವುದು ಎಂದಾಯಿತು.

ಚಹಾದ ಪ್ರಶ್ನೆ ಕಗ್ಗಂಟಾಗಿತ್ತು. ಚಹಾ, ಕಾಫಿಯಲ್ಲಿರುವ ಕೆಫೀನ್ ಅರ್ಧಕ್ಕೆ ಇಳಿಯಲು ಸಾಮಾನ್ಯವಾಗಿ ಐದು ಗಂಟೆ ಬೇಕು. ತುಮಕೂರಿನ ಬಳಿ ನಾಲ್ಕೂವರೆಗೆ ಕುಡಿದದ್ದರ ಸುಮಾರು ಮುಕ್ಕಾಲು ಪಾಲು ಆರೂಮುಕ್ಕಾಲಕ್ಕೆ ಬೆಂಗಳೂರಿನ ಮಂಚದಲ್ಲಿ ಅವರ ಜೊತೆಯೇ ಮಲಗುತ್ತದೆ. ಆದರೆ ಅದನ್ನು ಬಿಡಿಸಿದರೆ ಅತ್ಯಂತ ಅಪಾಯದ ಹೊತ್ತಿನಲ್ಲಿ, ಮೂರರಿಂದ ಐದರವರೆಗೆ, ಅವರ ಕೈಯಲ್ಲಿದ್ದ ಒಂದೇ ಊರುಗೋಲನ್ನು ಕಸಿದುಕೊಂಡಂತೆ. ನಿದ್ರೆ ಸರಿಮಾಡಲು ಹೋಗಿ ಬಸ್ಸನ್ನು ಅಪಾಯಕ್ಕೆ ಒಡ್ಡುವಂತಿರಲಿಲ್ಲ.

ಬಸ್ಸು ಎರಡು ಗಂಟೆಯ ಸುಮಾರಿಗೆ ಚಿತ್ರದುರ್ಗದ ಆಸುಪಾಸಿನ ಢಾಬಾದಲ್ಲಿ ಅರ್ಧ ಗಂಟೆ ನಿಲ್ಲುತ್ತದೆ. ಆ ಅರ್ಧ ಗಂಟೆಯಲ್ಲಿ ಚಾಲಕರು ಊಟ ಮಾಡಿ, ಢಾಬಾದವರೊಡನೆ ಮಾತನಾಡುತ್ತಿದ್ದರು. ಊಟವನ್ನು ಹೊರಡುವ ಮುನ್ನವೇ ಮನೆಯಲ್ಲಿ ಮುಗಿಸಿ, ಇಲ್ಲಿ ನಿಂತ ಕೂಡಲೇ ಒಂದು ಗಟ್ಟಿ ಕಾಫಿ ಕುಡಿದು ಕ್ಯಾಬಿನ್ನಿನ ಹಿಂದಿನ ಪಟ್ಟಿಯ ಮೇಲೆ ಇಪ್ಪತ್ತು ನಿಮಿಷ ಒರಗಲು ಹೇಳಿದೆ. ಕಾಫಿ ಮಿದುಳಿಗೆ ತಲುಪಲು ಅಷ್ಟು ಹೊತ್ತು ಬೇಕು, ಆದ್ದರಿಂದ ಅದು ನಿದ್ರೆಗೆ ಅಡ್ಡ ಬರುವುದಿಲ್ಲ, ಏಳುವಾಗ ಕೈಹಿಡಿಯುತ್ತದೆ. ಇಪ್ಪತ್ತಕ್ಕಿಂತ ಹೆಚ್ಚು ಮಲಗಿದರೆ ಗಾಢ ನಿದ್ರೆಗೆ ಇಳಿದು, ಎದ್ದಾಗ ತಲೆ ಮಂಕಾಗಿರುತ್ತದೆ. ಎಬ್ಬಿಸುವ ಹೊಣೆ ಕ್ಲೀನರ್ ಹುಡುಗನದು. ಎದ್ದ ಮೇಲೆ ನೇರವಾಗಿ ಸ್ಟಿಯರಿಂಗಿಗೆ ಕೂರಬಾರದು. ಮುಖ ತೊಳೆದು, ಕಬ್ಬಿಣದ ಸರಳು ಹಿಡಿದು ಬಸ್ಸಿನ ಸುತ್ತ ನಡೆದು ಪ್ರತಿ ಚಕ್ರವನ್ನೂ ತಟ್ಟಿ ಗಾಳಿ ನೋಡಬೇಕು. ಚಾಲಕರು ಹೇಗಿದ್ದರೂ ಮಾಡುವ ಕೆಲಸ ಇದು, ಮಂಕು ಇಳಿಯುವುದಕ್ಕೂ ಅಷ್ಟೇ ನಿಮಿಷ ಬೇಕು. ಇದಾದ ಮೇಲೆ ಚಹಾ ಇಲ್ಲ. ನಾಲ್ಕರ ಸುಮಾರಿಗೆ ಮತ್ತೆ ರೆಪ್ಪೆ ಭಾರವಾದರೆ, ಬೆಳಕಿರುವ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಇನ್ನೊಂದು ಇಪ್ಪತ್ತು ನಿಮಿಷ. ಕಿಟಕಿ ತೆರೆಯುವುದು, ಹಾಡಿನ ಸದ್ದು ಏರಿಸುವುದು, ಮೆಣಸಿನಕಾಯಿ ಕಚ್ಚುವುದು, ಇವುಗಳಿಂದ ಕೆಲವು ನಿಮಿಷ ಕಳೆಯುತ್ತದೆ, ನಿದ್ರೆಯ ಸಾಲ ತೀರುವುದಿಲ್ಲ.

ಮುಸ್ಸಂಜೆಯ ಹಾಸಿಗೆ

ಮನೆಯ ನಿದ್ರೆ ಒಂದು ತಿಂಗಳಲ್ಲಿ ಐದು ಗಂಟೆಗೆ ಬಂತು. ಅದರಾಚೆ ಹೋಗಲಿಲ್ಲ. ಕತ್ತಲೆ, ತಂಪು, ಮೌನ ಎಲ್ಲವೂ ಇದ್ದರೂ ಹನ್ನೆರಡೂವರೆಗೆ ಕಣ್ಣು ತೆರೆಯುತ್ತಿತ್ತು. ಉಳಿದದ್ದನ್ನು ಹೊರಡುವ ಮುನ್ನ ತುಂಬಿಕೊಳ್ಳುತ್ತೇನೆ ಎಂದು ಅವರು ಸಂಜೆ ಆರೂವರೆಯಿಂದ ಎಂಟರವರೆಗೆ ಮಲಗಲು ನೋಡಿದರು. ತಾಯಿಗೆ ಇದು ಸಹಿಸಲಾಗಲಿಲ್ಲ. "ದೀಪ ಹಚ್ಚುವ ಹೊತ್ತಿನಲ್ಲಿ ಮಲಗಬಾರದು ತಮ್ಮಾ" ಎಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಮಗ ತಾಯಿಯ ಮಾತು ಮೀರಿ ಮಲಗಿದರೂ ನಿದ್ರೆ ಬರಲಿಲ್ಲ. ಒಂದೂವರೆ ಗಂಟೆ ಹೊರಳಾಡಿ ಸಿಟ್ಟಿನಿಂದ ಬಸ್ಸು ಹತ್ತುತ್ತಿದ್ದರು.

ತಾಯಿಯ ಮಾತು ಮೈಯ ಲೆಕ್ಕಕ್ಕೂ ಸರಿಯಾಗಿಯೇ ಇತ್ತು. ಹಗಲಿಗೆ ಹೊಂದಿಕೊಂಡ ಮೈಯಲ್ಲಿ ಮುಸ್ಸಂಜೆಯ ಒಂದೆರಡು ತಾಸು ಎಚ್ಚರ ಅತಿ ಬಿಗಿಯಾಗಿರುವ ಹೊತ್ತು, ಬಿಸಿ ತುದಿಯಲ್ಲಿರುತ್ತದೆ. ಎಷ್ಟು ದಣಿದಿದ್ದರೂ ಆಗ ನಿದ್ರೆ ಹತ್ತುವುದು ಕಷ್ಟ. ಅದರ ಬದಲು ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಮೈ ತಾನಾಗಿಯೇ ಒಂದು ಸಣ್ಣ ಇಳಿಜಾರಿಗೆ ಬರುತ್ತದೆ. ಊಟದ ಮೇಲೆ ಕಣ್ಣು ಎಳೆಯುವುದು ಎಲ್ಲರಿಗೂ ಗೊತ್ತು. ಹನ್ನೆರಡೂವರೆಗೆ ಎದ್ದು ಊಟ ಮಾಡಿ, ಎರಡೂಮುಕ್ಕಾಲಕ್ಕೆ ಮತ್ತೆ ನಡುಕೋಣೆಗೆ ಹೋಗಿ, ನಾಲ್ಕಕ್ಕೆ ಏಳುವುದೆಂದು ನಿರ್ಧರಿಸಿದೆವು. ನಾಲ್ಕೂವರೆಗೆ ಶಾಲೆಯ ಗೇಟಿನಲ್ಲಿ ಇರಬೇಕಲ್ಲ. ಮೊದಲ ವಾರ ಬರೀ ಕಣ್ಣು ಮುಚ್ಚಿ ಬಿದ್ದಿದ್ದರು. ಮೂರನೆಯ ವಾರದಿಂದ ಒಂದು ಗಂಟೆಯ ನಿದ್ರೆ ದಿನವೂ ದಕ್ಕಿತು.

ದಕ್ಕದೇ ಉಳಿದದ್ದು

ಮೂರು ತಿಂಗಳ ಕೊನೆಯಲ್ಲಿ ಮನೆಯ ಹಗಲು ಐದೂಕಾಲು ಗಂಟೆ, ಮೇಲೆ ಮಧ್ಯಾಹ್ನದ ಒಂದು, ಒಟ್ಟು ಆರೂಕಾಲು. ಬೆಂಗಳೂರಿನಲ್ಲೂ ಸುಮಾರು ಆರು, ಮಂಚದ ಬುಡಕ್ಕೆ ಔಷಧಿ ಹೊಡೆಸಿ ಸ್ವಂತ ಹಾಸಿಗೆ ಹೊದಿಕೆ ಒಯ್ಯತೊಡಗಿದ ಮೇಲೆ. ದಾಟಿದ ಟೋಲ್ ಮರೆತ ರಾತ್ರಿ ಮತ್ತೆ ಬರಲಿಲ್ಲ ಎಂದರು, ಕ್ಲೀನರ್ ಹುಡುಗನನ್ನು ಕೇಳಿದಾಗಲೂ ಅದನ್ನೇ ಹೇಳಿದ. ಆದರೆ ಇದು ರಾತ್ರಿಯ ಏಳೆಂಟು ಗಂಟೆಯ ನಿದ್ರೆಗೆ ಸಮವಲ್ಲ ಎಂದು ಅವರಿಗೆ ಸ್ಪಷ್ಟವಾಗಿ ಹೇಳಿದ್ದೇನೆ.

ರಜೆಯ ರಾತ್ರಿಯ ಬಗ್ಗೆ ನಾನು ಸೋತೆ. ವಾರವಿಡೀ ಹಗಲು ಮಲಗಿದವರು ಆ ಒಂದು ರಾತ್ರಿಯೂ ಎರಡು ಗಂಟೆಯವರೆಗೆ ಎಚ್ಚರವಿದ್ದು ಬೆಳಿಗ್ಗೆ ತಡವಾಗಿ ಎದ್ದರೆ ಗಡಿಯಾರ ಅತ್ತಿಂದಿತ್ತ ಎಳೆದಾಡುವುದಿಲ್ಲ. "ವಾರದಲ್ಲಿ ಒಂದು ರಾತ್ರಿ ಮನೆಯವರ ಜೊತೆ ಮಲಗಿ, ಅವರ ಜೊತೆ ಏಳುತ್ತೇನೆ. ಅದನ್ನು ಕೇಳಬೇಡಿ" ಎಂದರು. ಕೇಳಲಿಲ್ಲ. ಹಾಗಾಗಿ ರಜೆ ಮುಗಿಸಿ ಹೊರಡುವ ರಾತ್ರಿ ಈಗಲೂ ಅವರ ದುರ್ಬಲ ರಾತ್ರಿ. ಆ ಮಧ್ಯಾಹ್ನ ಒಂದೂವರೆ ಗಂಟೆ ಮಲಗುವುದು, ದಾರಿಯಲ್ಲಿ ರೆಪ್ಪೆ ಭಾರವಾಗಲಿ ಬಿಡಲಿ ಎರಡು ಕಡೆ ನಿಲ್ಲಿಸುವುದು ಎಂದು ಒಪ್ಪಿಕೊಂಡಿದ್ದಾರೆ.

ಇನ್ನೊಂದು ಗೆರೆಯನ್ನು ನಾವು ಮೂವರೂ ಸೇರಿ ಎಳೆದಿದ್ದೆವು: ಹಿಂದಿನ ಇಪ್ಪತ್ತನಾಲ್ಕು ಗಂಟೆಯಲ್ಲಿ ಒಟ್ಟು ನಾಲ್ಕು ಗಂಟೆಗಿಂತ ಕಡಿಮೆ ಮಲಗಿದ್ದರೆ ಸಂಜೆ ಐದರೊಳಗೆ ಕಚೇರಿಗೆ ಫೋನು ಮಾಡಿ ಬೇರೆ ಚಾಲಕರನ್ನು ಕೇಳುವುದು. ಮೇ ತಿಂಗಳಲ್ಲಿ ಪಕ್ಕದ ಮನೆಯ ಮದುವೆಯ ಧ್ವನಿವರ್ಧಕ ಬೆಳಗಿನಿಂದಲೇ ಕೂಗಿತು. ಎರಡು ಗಂಟೆಯೂ ಮಲಗಲಾಗಲಿಲ್ಲ. ಫೋನು ಮಾಡಿದರು. ಮಾಲೀಕರು ಬೈದರು, ಆ ರಾತ್ರಿಯ ಬತ್ತಾ ಹೋಯಿತು, ಎರಡು ದಿನ ಕೆಲಸಕ್ಕೇ ಕರೆಯಲಿಲ್ಲ. ಚಾಲಕರಿಗೆ ಎರಡು ಪಾಳಿಗಳ ನಡುವೆ ಕನಿಷ್ಠ ಒಂಬತ್ತು ಗಂಟೆ ಸತತ ಬಿಡುವು ಇರಬೇಕೆಂದು ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರಲ್ಲೇ ಬರೆದಿಟ್ಟಿತ್ತು. ಇವರಿಗೆ ಹದಿನೈದು ಗಂಟೆ ಬಿಡುವು ಇದೆ. ಕಾಗದದ ಮೇಲೆ ಕೊರತೆಯೇ ಇಲ್ಲ. ಆ ಬಿಡುವು ಪೂರ್ತಿ ಬಿಸಿಲಿನಲ್ಲಿ ಬರುತ್ತದೆ ಎಂಬುದಕ್ಕೆ ಯಾವ ಕಾಲಮ್ಮೂ ಇಲ್ಲ. ನಾನು ಮಾಲೀಕರಿಗೆ ಒಂದು ಪತ್ರ ಬರೆದೆ, ಬೆಳಗಿನ ಜಾವದ ಆ ಮಣ್ಣಿನ ಹಾದಿಯನ್ನು ಚಾಲಕರ ಅನುಮತಿ ಪಡೆದು ಅದರಲ್ಲಿ ವಿವರಿಸಿದೆ. ಉತ್ತರ ಬರಲಿಲ್ಲ. ಬೇರೆ ಮಾರ್ಗದ ಇಬ್ಬರು ಚಾಲಕರು ಮಾತ್ರ ಇವರೊಡನೆ ಒಪ್ಪಂದ ಮಾಡಿಕೊಂಡರು, ಯಾರಿಗೆ ನಿದ್ರೆ ಕೆಟ್ಟರೂ ಸರದಿ ಬದಲಿಸಿಕೊಳ್ಳುವುದು, ಬತ್ತಾ ಓಡಿಸಿದವರಿಗೆ. ಇದುವರೆಗೆ ಮೂರು ಬಾರಿ ಬದಲಿಸಿಕೊಂಡಿದ್ದಾರೆ.

ಕೊನೆಯ ಬಾರಿ ಬಂದಾಗ ಎರಡನೆಯ ನೋಟುಪುಸ್ತಕ ತಂದಿದ್ದರು. ಬಾಗಿಲಿಗೆ ಕೆಂಪು ಬಟ್ಟೆ ಕಟ್ಟಿದ್ದರೆ ಒಳಗೆ ಚಾಲಕರು ಮಲಗಿದ್ದಾರೆ ಎಂದು ಓಣಿಗೆಲ್ಲ ಗೊತ್ತಾಗಿದೆಯಂತೆ. ಹಿಂದಿನ ದಿನದ ಸಾಲು ಹೆಂಡತಿಯ ಕೈಬರಹದಲ್ಲಿ ಹೀಗಿತ್ತು: "ಬಂದದ್ದು 6.55. ಮಲಗಿದ್ದು 7.20. ಎದ್ದದ್ದು 12.50. ತರಕಾರಿಯವನು ಬಂದಿದ್ದ, ಕೂಗಲಿಲ್ಲ."